ಕುಟ್ಟಿದ ದಿನವೋ, ಕಟ್ಟಿದ ದಿನವೋ? ಮನೆ ಚಟ್ನಿಪುಡಿ ಪ್ಯಾಕೆಟ್ ಮೇಲಿನ ತಾರೀಕಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಪ್ಯಾಕೆಟ್ ಕೈಯಲ್ಲಿ ಹಿಡಕೊಂಡೇ ಮಾತಾಡ್ತೀನಿ. ಕಾಲು ಕೆಜಿ ಶೇಂಗಾ ಚಟ್ನಿಪುಡಿ. ಹಲಗೇರಿಯಲ್ಲಿ ನಮ್ಮ ಚಿಕ್ಕಮ್ಮ ಮನೆಯಲ್ಲೇ ಮಾಡಿ ಮಾರುವಂಥದ್ದು. ಶೇಂಗಾ ಹುರಿದು ಸಿಪ್ಪೆ ತೆಗೆದು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ್ದು. ರುಚಿಗೆ ತಕರಾರೇ ಇಲ್ಲ. ತಕರಾರು ಬಂದಿದ್ದು ಹಿಂದೆ ಅಂಟಿಸಿದ ಸಣ್ಣ ಸ್ಟಿಕ್ಕರಿನ ಮೇಲೆ.

ಕಳೆದ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ದಾವಣಗೆರೆಯಿಂದ ಒಬ್ಬ ಗಿರಾಕಿ ಫೋನ್ ಮಾಡಿದ್ರು. "ಅಕ್ಕಾರ, ಇವತ್ತ ಪ್ಯಾಕೆಟ್ ಒಡದೀನ್ರಿ. ಕಮಟ ವಾಸನಿ ಬರಾಕತ್ತೈತಿ. ಮ್ಯಾಲ ನೋಡಿದ್ರ ಏಪ್ರಿಲ್ 25ರ ತನಕ ಅಂತ ಬರದೀರಿ." ಚಿಕ್ಕಮ್ಮ ಗಾಬರಿಯಾಗಿ ನನಗೆ ಫೋನ್ ಹಚ್ಚಿದಳು. "ತಮ್ಮಾ, ನಾ ಏನೂ ಸುಳ್ಳ ಬರದಿಲ್ಲೋ. ತಾರೀಕ ಖರೇನ ಹಾಕೀನಿ."

ನಾನು ಬಿ.ಕಾಂ. ಓದಿದವನು. ಆಹಾರದ ವಿಜ್ಞಾನ ಅಷ್ಟಕ್ಕಷ್ಟೆ, ಆದರೆ ಸ್ಟಾಕ್ ಲೆಕ್ಕ ಬರುತ್ತೆ. ಹಂಗಾಗಿ ಆಕೆಯ ನೋಟ್‌ಬುಕ್ ತೆಗೆದು ಕೂತೆ.

ಜನವರಿ 10ಕ್ಕೆ, ಸಂಕ್ರಾಂತಿಯ ಮುಂಚೆ, 20 ಕೆಜಿ ಚಟ್ನಿಪುಡಿ ಒಂದೇ ಸಲಕ್ಕೆ ಮಾಡಿದ್ದಾಳೆ. ಕಾಲು ಕೆಜಿಯಂತೆ 80 ಪ್ಯಾಕೆಟ್. ಆದರೆ 80ನ್ನೂ ಅವತ್ತೇ ಕಟ್ಟಿಲ್ಲ. ಅವತ್ತು 30 ಕಟ್ಟಿದಳು. ಉಳಿದ ಪುಡಿ ಸ್ಟೀಲ್ ಡಬ್ಬಿಯಲ್ಲಿ ಉಳಿಯಿತು. ಫೆಬ್ರವರಿ 2ಕ್ಕೆ 25, ಫೆಬ್ರವರಿ 24ಕ್ಕೆ ಕೊನೆಯ 25. ಪ್ರತಿ ಸಲ ಕಟ್ಟಿದ ದಿನವನ್ನೇ "ತಯಾರಿಸಿದ ದಿನಾಂಕ" ಅಂತ ಹಾಕಿ, ಅಲ್ಲಿಂದ 60 ದಿನ ಮುಂದೆ ಎಣಿಸಿ ಎಕ್ಸ್‌ಪೈರಿ ಬರೆದಿದ್ದಾಳೆ. ದಾವಣಗೆರೆಗೆ ಹೋಗಿದ್ದು ಕೊನೆಯ 25ರಲ್ಲಿ ಒಂದು. ಮಾರಿದ್ದು ಮಾರ್ಚ್ 18ಕ್ಕೆ.

ಈಗ ಲೆಕ್ಕ ಹಾಕ್ರಿ. ಪುಡಿ ಆಗಿದ್ದು ಜನವರಿ 10. ಅಲ್ಲಿಂದ 60 ದಿನ ಅಂದ್ರೆ ಮಾರ್ಚ್ 11. ಸ್ಟಿಕ್ಕರ್ ಮೇಲೆ ಇದ್ದಿದ್ದು ಏಪ್ರಿಲ್ 25. ನಡುವೆ 45 ದಿನದ ವ್ಯತ್ಯಾಸ. ಅಂದರೆ ಆ ಪ್ಯಾಕೆಟ್ ಮಾರಿದ ದಿನವೇ ಅದರ ನಿಜವಾದ ಅವಧಿ ಮುಗಿದು ಒಂದು ವಾರ ಆಗಿತ್ತು. ಚಿಕ್ಕಮ್ಮ ಸುಳ್ಳು ಬರೆದಿರಲಿಲ್ಲ, ಅದೂ ಹೌದು. ಕುಟ್ಟಿದ ದಿನದ ಜಾಗದಲ್ಲಿ ಕಟ್ಟಿದ ದಿನ ಬರೆದಿದ್ದಳು. ನಮ್ಮ ಕಡೆ ಮನೆಯಿಂದ ಮಾರುವ ಎಷ್ಟೋ ಮಂದಿ ಇದನ್ನೇ ಮಾಡ್ತಾರೆ, ತಪ್ಪು ಅಂತ ಗೊತ್ತಿಲ್ಲದೇ.

ನಿಯಮ ಏನು ಹೇಳುತ್ತೆ ನೋಡೋಣ. ಎಫ್‌ಎಸ್‌ಎಸ್‌ಎಐ, ಅಂದ್ರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, 2020ರಲ್ಲಿ ಲೇಬಲ್ ಬಗ್ಗೆ ಪ್ರತ್ಯೇಕ ನಿಯಮಾವಳಿ ತಂದಿತು. ಅದರಲ್ಲಿ ತಯಾರಿಸಿದ ದಿನಾಂಕ ಅಂದರೆ ಪದಾರ್ಥವು ಲೇಬಲ್ ಮೇಲೆ ಹೇಳಿದ ವಸ್ತುವಾಗಿ ಆದ ದಿನ. ಶೇಂಗಾ ಯಾವತ್ತು ಕೊಂಡ್ರಿ ಅನ್ನೋದು ಲೆಕ್ಕಕ್ಕಿಲ್ಲ. ಪುಡಿ ಯಾವತ್ತು ಪುಡಿ ಆಯ್ತು ಅನ್ನೋದು ಲೆಕ್ಕ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇಟ್ಟ ಮೆಣಸಿನಕಾಯಿಯನ್ನು ಸೆಪ್ಟೆಂಬರಿನಲ್ಲಿ ತಂದು ಬೀಸಿಸಿದರೆ ಖಾರದ ಪುಡಿಯ ತಯಾರಿಕೆ ದಿನ ಸೆಪ್ಟೆಂಬರಿನದೇ, ಅದು ಮೋಸ ಅಲ್ಲ. ಪ್ಯಾಕ್ ಮಾಡಿದ ದಿನಾಂಕ ಅನ್ನೋದು ಬೇರೆ. ಅದು ಗಿರಾಕಿಯ ಕೈಗೆ ಹೋಗುವ ಕವರಿನೊಳಗೆ ಪದಾರ್ಥ ಬಿದ್ದ ದಿನ.

ಇಲ್ಲೊಂದು ಸೂಕ್ಷ್ಮ ಐತಿ. ತಯಾರಿಸಿದ ದಿನ ಅಥವಾ ಪ್ಯಾಕ್ ಮಾಡಿದ ದಿನ, ಎರಡರಲ್ಲಿ ಒಂದನ್ನು ಹಾಕಿದರೆ ನಿಯಮಕ್ಕೆ ಸಾಕು. ಇದನ್ನು ಓದಿದ ಕೂಡಲೇ "ಮತ್ತೆ ಚಿಕ್ಕಮ್ಮ ಮಾಡಿದ್ದು ಸರಿನೇ ಆಯ್ತಲ್ಲ" ಅಂತ ನನಗೂ ಅನ್ನಿಸಿತ್ತು. ಅಲ್ಲ. ಕಟ್ಟಿದ ದಿನ ಹಾಕೋದಾದ್ರೆ ಅದನ್ನು ಕಟ್ಟಿದ ದಿನ ಅಂತಲೇ ಬರೀಬೇಕು, ತಯಾರಿಸಿದ ದಿನ ಅಂತ ಅಲ್ಲ. ಅದಕ್ಕಿಂತ ಮುಖ್ಯ, ಎಕ್ಸ್‌ಪೈರಿ ತಾರೀಕು ಕಟ್ಟಿದ ದಿನದ ಜೊತೆ ಮುಂದಕ್ಕೆ ಸರಿಯೋದಿಲ್ಲ. ಡಬ್ಬಿಯೊಳಗೆ ಕೂತ 45 ದಿನವೂ ಪುಡಿಗೆ ವಯಸ್ಸಾಗಿರುತ್ತೆ. ಡಬ್ಬಿ ದಿನಾ ತೆರೆದು ಮುಚ್ಚಿದ್ರಂತೂ ಇನ್ನೂ ಬೇಗ.

ಇನ್ನು ಶಬ್ದಗಳು. "ಬೆಸ್ಟ್ ಬಿಫೋರ್" ಅಂದರೆ ಅಲ್ಲಿಯ ತನಕ ರುಚಿ, ಘಮ, ಗರಿಗರಿ ಎಲ್ಲ ನಾವು ಹೇಳಿದಂತೆ ಇರುತ್ತೆ ಅನ್ನೋ ಮಾತು. ಆ ತಾರೀಕು ದಾಟಿದ ಮೇಲೂ ತಿನ್ನೋಕೆ ಸುರಕ್ಷಿತವಾಗಿರಬಹುದು, ಗುಣ ಸ್ವಲ್ಪ ಇಳಿದಿರಬಹುದು. "ಎಕ್ಸ್‌ಪೈರಿ" ಅಥವಾ "ಯೂಸ್ ಬೈ", ಇವೆರಡೂ ಒಂದೇ. ಆ ತಾರೀಕು ದಾಟಿತು ಅಂದ್ರೆ ಮಾರಂಗಿಲ್ಲ, ಮನುಷ್ಯರು ತಿನ್ನಲಿ ಅಂತ ಹಂಚಂಗೂ ಇಲ್ಲ. 2020ರ ನಿಯಮದ ಪ್ರಕಾರ ಎಕ್ಸ್‌ಪೈರಿ ಅಥವಾ ಯೂಸ್ ಬೈ ಕಡ್ಡಾಯ. ಬೆಸ್ಟ್ ಬಿಫೋರ್ ಬೇಕಿದ್ದರೆ ಜೊತೆಗೆ ಹಾಕಬಹುದು, ಬರೀ ಅದೊಂದೇ ಇದ್ದರೆ ಸಾಲದು. ಅಂಗಡಿಯ ಹಳೇ ಪ್ಯಾಕೆಟ್ ನೋಡಿ "ಬೆಸ್ಟ್ ಬಿಫೋರ್ 3 ತಿಂಗಳು" ಅಂತ ಕಾಪಿ ಹೊಡೆಯೋರು ಇಲ್ಲಿ ಎಡವುತ್ತಾರೆ.

ಬರೆಯೋ ರೀತಿಗೂ ನಿಯಮ ಐತಿ. ಮೂರು ತಿಂಗಳ ತನಕ ಬಾಳುವ ಪದಾರ್ಥಕ್ಕೆ ದಿನ, ತಿಂಗಳು, ವರ್ಷ ಮೂರೂ ಬೇಕು. ಅದಕ್ಕಿಂತ ಹೆಚ್ಚು ಬಾಳುವಂಥದ್ದಕ್ಕೆ ತಿಂಗಳು, ವರ್ಷ ಸಾಕು. ಮತ್ತೊಂದು, ನಮ್ಮಂಥವರಿಗೆ ಸ್ವಲ್ಪ ಬೇಜಾರಾಗುವ ಮಾತು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಲೇಬೇಕು. ಕನ್ನಡ ಜೊತೆಗೆ ಹಾಕಬಹುದು, ಹಾಕ್ರಿ, ಗಿರಾಕಿ ಓದೋದು ಅದನ್ನೇ. ಆದರೆ ಬರೀ ಕನ್ನಡದಲ್ಲಿ ಬರೆದರೆ ನಿಯಮದ ಲೆಕ್ಕಕ್ಕೆ ಬರೆದಂಗಲ್ಲ.

ಹಾಗಾದರೆ ಆ ಕೊನೆಯ 25 ಪ್ಯಾಕೆಟ್ ಮೇಲೆ ಏನಿರಬೇಕಿತ್ತು? ಹೀಗೆ:

```
LOT 100125
MFD 10/01/25
PKD 24/02/25
EXP 11/03/25
```

ಮೊದಲ ಸಾಲು ಲಾಟ್ ನಂಬರ್, ಇದೂ ಕಡ್ಡಾಯ. ಚಿಕ್ಕಮ್ಮನಿಗೆ ಬೇರೆ ನಂಬರ್ ನೆನಪಿಡೋ ತಾಪತ್ರಯ ಬೇಡ ಅಂತ ಕುಟ್ಟಿದ ತಾರೀಕನ್ನೇ ನಂಬರ್ ಮಾಡಿದ್ವಿ. ಈ ನಾಲ್ಕು ಸಾಲು ಬರೆದು ನೋಡಿದಾಗಲೇ ಆಕೆಗೆ ತಟ್ಟನೆ ಅರ್ಥ ಆಯ್ತು. "ಅಂದ್ರ ಕಟ್ಟಿದ ದಿನಾನ ಅದಕ್ಕ ಬರೇ ಹದಿನೈದ ದಿನ ಉಳದಿತ್ತೇನೋ?" ಹೌದು, ಅಷ್ಟೇ. ಹೊಸ ಪ್ಯಾಕೆಟ್ ಅನ್ನಿಸಿದ್ದು ಹೊಸ ಕವರಿನಿಂದ.

ಈಗ ನಿಜವಾದ ಪ್ರಶ್ನೆ. ಆ 60 ದಿನ ಬಂದಿದ್ದು ಎಲ್ಲಿಂದ? ಶೇಂಗಾ ಚಟ್ನಿಗೆ ಇಷ್ಟು ದಿನ ಅಂತ ಎಫ್‌ಎಸ್‌ಎಸ್‌ಎಐ ನಿಯಮ ಹೇಳೋದಿಲ್ಲ. ಅವಧಿ ಗೊತ್ತುಮಾಡೋ ಹೊಣೆ ತಯಾರಿಸಿದವರದೇ. ಚಿಕ್ಕಮ್ಮನ 60 ಪಕ್ಕದ ಓಣಿಯವರ ಪ್ಯಾಕೆಟ್ ನೋಡಿ ಬರೆದದ್ದಾಗಿತ್ತು. ಅವರದು ಹುರಿಗಡಲೆ ಚಟ್ನಿ, ಇವಳದು ಶೇಂಗಾ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಹುರಿದು ಕುಟ್ಟಿದಾಗ ಆ ಎಣ್ಣೆ ಹೊರಬಂದು ಗಾಳಿಗೆ ಸಿಗುತ್ತೆ, ದಿನ ಕಳೆದಂತೆ ಕಮಟು ಹಿಡಿಯುತ್ತೆ. ಒಣಕೊಬ್ಬರಿ ಸೇರಿಸಿದರೆ ಅದಕ್ಕೂ ಇದೇ ಗತಿ. ಹಸಿ ಬೆಳ್ಳುಳ್ಳಿ ಇನ್ನೊಂದು ತಂಟೆ. ಅದರ ನೀರಿನಂಶ ಪುಡಿಗೆ ಇಳಿದು ಗಂಟು ಕಟ್ಟುತ್ತೆ. ಪ್ಯಾಕೆಟ್ ಎಷ್ಟು ದಿನ ಬಾಳುತ್ತೆ ಅನ್ನೋದನ್ನು ಅದರೊಳಗೆ ಎಲ್ಲಕ್ಕಿಂತ ಮೊದಲು ಕೆಡುವ ಪದಾರ್ಥ ತೀರ್ಮಾನ ಮಾಡುತ್ತೆ.

ನಾವು ಮಾಡಿದ್ದು ಇಷ್ಟು. ಮುಂದಿನ ಲಾಟಿನಿಂದ ಆರು ಪ್ಯಾಕೆಟ್ ಮಾರದೇ ತೆಗೆದಿಟ್ವಿ. ಫ್ರಿಜ್ಜಿನಲ್ಲಿ ಅಲ್ಲ, ಗಿರಾಕಿಯ ಮನೆಯಲ್ಲಿ ಇರುವಂತೆ ಅಡುಗೆಮನೆಯ ಕಟ್ಟೆಯ ಮೇಲೆ, ಮಾರುವ ಅದೇ ಕವರಿನಲ್ಲಿ. ಹದಿನೈದು ದಿನಕ್ಕೊಂದು ಒಡೆಯೋದು. ಪಕ್ಕದಲ್ಲಿ ಆವತ್ತೇ ಕುಟ್ಟಿದ ಒಂದು ಮುಷ್ಟಿ ಪುಡಿ. ಮೂರು ಜನ ಮೂಸಿ, ರುಚಿ ನೋಡಿ ಹೇಳೋದು, ಯಾವುದು ಹಳೇದು ಅಂತ ಮೊದಲೇ ಹೇಳಂಗಿಲ್ಲ. ಒಬ್ಬರಾದರೂ "ಇದ್ಯಾಕೋ ಕಮಟು" ಅಂದ್ರೆ ಅದು ಕೊನೆ. ಎಕ್ಸ್‌ಪೈರಿ ಅವತ್ತಿನದಲ್ಲ, ಅದರ ಹಿಂದಿನ ತಪಾಸಣೆಯದು. ಬೇಸಿಗೆಯಲ್ಲಿ ಮಾಡಿದ ಲಾಟ್ 60ನೇ ದಿನಕ್ಕೆ ಕೈಕೊಟ್ಟಿತು, ಹಂಗಾಗಿ 45 ಅಂತ ಬರೆದ್ವಿ. ಚಳಿಗಾಲದ್ದು 75ನೇ ದಿನಕ್ಕೆ, ಅದಕ್ಕೆ 60. ರಾಣೆಬೆನ್ನೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ತಗಡಿನ ಮನೆಯೊಳಗಿನ ಎಣ್ಣೆ ಪದಾರ್ಥಕ್ಕೆ ಅದು ಜನವರಿಯಷ್ಟು ಕರುಣೆ ತೋರೋದಿಲ್ಲ. ಮಳೆಗಾಲದಲ್ಲಿ ಬಿಸಿಲಿನ ಬದಲು ತೇವ. ಒಂದೇ ಚಟ್ನಿಗೆ ವರ್ಷವಿಡೀ ಒಂದೇ ಸಂಖ್ಯೆ ಬರೆಯೋದಾದ್ರೆ ಎಲ್ಲಕ್ಕಿಂತ ಕಡಿಮೆಯದನ್ನು ಬರೀಬೇಕು.

ಈ ಮೂಗಿನ ಪರೀಕ್ಷೆಗೆ ಮಿತಿ ಐತಿ, ಅದನ್ನು ಮುಚ್ಚಿಡಂಗಿಲ್ಲ. ಕಮಟು ಮೂಗಿಗೆ ತಿಳಿಯುತ್ತೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಸೇರುವ ಅಫ್ಲಾಟಾಕ್ಸಿನ್ ಅನ್ನೋ ವಿಷ ಮೂಗಿಗೂ ತಿಳಿಯೋದಿಲ್ಲ, ನಾಲಿಗೆಗೂ ತಿಳಿಯೋದಿಲ್ಲ, ಮನೆಯ ಬಾಣಲೆಯಲ್ಲಿ ಹುರಿದರೆ ಪೂರ್ತಿ ಹೋಗೋದೂ ಇಲ್ಲ. ಅದನ್ನು ತಡೆಯೋ ಜಾಗ ಮೊರ. ಕಪ್ಪಾದ, ಮುದುಡಿದ, ಬೂಷ್ಟು ಹಿಡಿದ ಕಾಳನ್ನು ಹುರಿಯೋಕೆ ಮುಂಚೆನೇ ಆರಿಸಿ ಬಿಸಾಕಬೇಕು. ಇನ್ನೂ ಒಂದು. ಇದು ಒಣ ಪದಾರ್ಥಕ್ಕೆ ಮಾತ್ರ. ಹೋಳಿಗೆ, ಹಸಿ ಚಟ್ನಿ, ಎಣ್ಣೆ ಕಡಿಮೆ ಹಾಕಿದ ಉಪ್ಪಿನಕಾಯಿ, ಇಂಥ ತೇವದ ಪದಾರ್ಥಗಳಿಗೆ ಮೂಸಿ ನೋಡಿ ಅವಧಿ ಬರೆಯೋದು ಅಪಾಯ. ಅವನ್ನು ಎಫ್‌ಎಸ್‌ಎಸ್‌ಎಐ ಮಾನ್ಯತೆಯ ಲ್ಯಾಬಿಗೆ ಕೊಟ್ಟು ತಿಳಿಯಬೇಕು.

ಸ್ಟಿಕ್ಕರಿನ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳೋದಿಲ್ಲ. ಆನ್‌ಲೈನಿನಲ್ಲಿ ಸಿಗೋ ಸಣ್ಣ ಥರ್ಮಲ್ ಪ್ರಿಂಟರಿನ ಅಚ್ಚು ಬಿಸಿಲಿಗೆ, ಎಣ್ಣೆಗೆ ಮಸುಕಾಗಿ ಹೋಗುತ್ತೆ. ಚಟ್ನಿಪುಡಿ ತುಂಬಿದ ಮೇಲೆ ಸ್ಟಿಕ್ಕರ್ ಹಚ್ಚಿದ್ರೆ ಕವರಿನ ಹೊರಗೆ ಮೆತ್ತಿದ ಪುಡಿಗೆ ಅಂಟೇ ಹಿಡಿಯಲ್ಲ. ಖಾಲಿ ಕವರಿಗೆ ಮೊದಲು ಹಚ್ಚಿ, ಆಮೇಲೆ ತುಂಬಬೇಕು. ಹಚ್ಚಿದ ಮೇಲೆ ಎಣ್ಣೆ ಕೈಯಲ್ಲಿ ಒಮ್ಮೆ ಉಜ್ಜಿ ನೋಡ್ರಿ. ತಾರೀಕು ಅಳಿಸಿದ್ರೆ ಆ ಸ್ಟಿಕ್ಕರ್ ಇದ್ದೂ ಇಲ್ಲದಂಗೆ.

ಇನ್ನು ಅವಧಿ ಮುಗಿಯೋಕೆ ಬಂದ ಮಾಲು. ಅರ್ಧಕ್ಕರ್ಧ ತಪ್ಪು ನಡೆಯೋದು ಇಲ್ಲೇ, ಯಾಕಂದ್ರೆ ಇಲ್ಲಿ ರೊಕ್ಕ ಕೈಯಿಂದ ಹೋಗೋದು ಕಣ್ಣಿಗೆ ಕಾಣುತ್ತೆ.

ಮಾರ್ಚ್ 3ಕ್ಕೆ ಮಾಡಿದ ಒಂದು ಲಾಟ್, 6 ಕೆಜಿ, 24 ಪ್ಯಾಕೆಟ್. ಬೇಸಿಗೆಯ 45 ದಿನದ ಲೆಕ್ಕಕ್ಕೆ ಎಕ್ಸ್‌ಪೈರಿ ಏಪ್ರಿಲ್ 17. ಏಪ್ರಿಲ್ 2ಕ್ಕೆ ನೋಡಿದ್ರೆ 9 ಪ್ಯಾಕೆಟ್ ಉಳಿದಿವೆ, 15 ದಿನ ಬಾಕಿ. ಮನೆಯಲ್ಲಿ ಎರಡು ಸಲಹೆ ಬಂದವು. ಒಂದು, "ಕವರ ಬದಲ್ ಮಾಡಿ ಹೊಸಾ ತಾರೀಕ ಹಚ್ಚೂಣು." ಇದಕ್ಕೆ ಉತ್ತರ ಮೇಲೆ ಹೇಳಿದ್ದೇ. ಕವರ್ ಹೊಸದಾದ್ರೂ ಎಕ್ಸ್‌ಪೈರಿ ಏಪ್ರಿಲ್ 17. ಸುಳ್ಳು ತಾರೀಕಿನ ಲೇಬಲ್ ಅಂದ್ರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತಪ್ಪು ಲೇಬಲಿನ ಆಹಾರ, ಸೆಕ್ಷನ್ 52ರ ಪ್ರಕಾರ 3 ಲಕ್ಷ ರೂಪಾಯಿ ತನಕ ದಂಡ ಬೀಳಬಹುದು. ಎರಡನೇ ಸಲಹೆ ಅಜ್ಜಿಯದು, ಕೇಳೋಕೆ ಶಾಣೇತನದ್ದು. "ಹೊಸಾದರಾಗ ಸ್ವಲ್ಪ ಸ್ವಲ್ಪ ಕಲಸಿಬಿಡ್ರಿ, ಯಾರಿಗೆ ತಿಳೀತೈತಿ?" ಹಂಗೆ ಕಲಸಿದರೆ ಇಡೀ ಹೊಸ ಲಾಟಿಗೆ ಹಳೆಯದರ ತಾರೀಕೇ ಬರೀಬೇಕಾಗುತ್ತೆ. ಅದಲ್ಲದೆ ಕಮಟು ಶುರುವಾದ ಎಣ್ಣೆ ಪಕ್ಕದ ಹೊಸ ಎಣ್ಣೆಯನ್ನೂ ಬೇಗ ಕೆಡಿಸುತ್ತೆ. 9 ಪ್ಯಾಕೆಟ್ ಉಳಿಸೋಕೆ ಹೋಗಿ 24 ಕೆಡಿಸಿಕೊಂಡಂಗೆ.

ಬದಲಿಸಬಹುದಾದ್ದು ಬೆಲೆಯನ್ನ. ಎಂಆರ್‌ಪಿ 120 ರೂಪಾಯಿ. ಸಾಮಾನು, ಗ್ಯಾಸ್, ಕವರ್, ಸ್ಟಿಕ್ಕರ್ ಸೇರಿ ಒಂದಕ್ಕೆ 78 ರೂಪಾಯಿ ಖರ್ಚು. 90ಕ್ಕೆ ಕೊಟ್ರೆ ಒಂದಕ್ಕೆ 12 ರೂಪಾಯಿ, ಒಂಬತ್ತಕ್ಕೆ 108 ಉಳಿಯುತ್ತೆ. ಪೂರಾ ಬೆಲೆಗೆ ಹೋಗಿದ್ರೆ 378 ಬರ್ತಿತ್ತು, ಖರೆ. ಆದರೆ ಹೋಲಿಸಬೇಕಾದ್ದು ಅದರ ಜೊತೆ ಅಲ್ಲ. ಮಾರದೇ ಬಿಸಾಕಿದ್ರೆ ಆಗೋ 702 ರೂಪಾಯಿ ಲುಕ್ಸಾನಿನ ಜೊತೆ. ಎಂಆರ್‌ಪಿಗಿಂತ ಕಡಿಮೆಗೆ ಮಾರೋಕೆ ಹೊಸ ಸ್ಟಿಕ್ಕರ್ ಬೇಕೇ ಬೇಕು ಅಂತೇನಿಲ್ಲ, ಅದು ಗರಿಷ್ಠ ಬೆಲೆ ಅಷ್ಟೆ. ಹಚ್ಚೋದಾದ್ರೆ 2011ರ ಪ್ಯಾಕೇಜ್ಡ್ ಸರಕುಗಳ ನಿಯಮದಲ್ಲಿ ಅವಕಾಶ ಐತಿ. ಕಡಿಮೆ ಬೆಲೆಯ ಸ್ಟಿಕ್ಕರ್ ಹಚ್ಚಬಹುದು, ಆದರೆ ಮೂಲ ಎಂಆರ್‌ಪಿಯನ್ನು ಅದು ಮುಚ್ಚಬಾರದು. ರಿಯಾಯಿತಿ ಸ್ಟಿಕ್ಕರನ್ನು ತಾರೀಕಿನ ಮೇಲೇ ಅಂಟಿಸಿದ ಪ್ಯಾಕೆಟ್ಟುಗಳನ್ನ ನೀವೂ ನೋಡಿರ್ತೀರಿ. ಕೊಳ್ಳೋವಾಗ ಅಂಥದ್ದನ್ನು ಉಗುರಿನಿಂದ ಎತ್ತಿ ನೋಡ್ರಿ.

ಯಾರಿಗೆ ಮಾರಬೇಕು ಅನ್ನೋದಕ್ಕೂ ಲೆಕ್ಕ ಐತಿ. ಹದಿನೈದು ದಿನ ಉಳಿದದ್ದನ್ನು ಕೊರಿಯರಿನಲ್ಲಿ ಬೆಂಗಳೂರಿಗೆ ಕಳಿಸಿದ್ರೆ ದಾರಿಯಲ್ಲೇ ಕೆಲವು ದಿನ ಹೋಗ್ತಾವೆ. ಆ್ಯಪ್‌ಗಳ ಮೂಲಕ ಮಾರುವ ಆಹಾರಕ್ಕೆ ಮನೆ ತಲುಪುವ ಹೊತ್ತಿಗೆ ಕನಿಷ್ಠ 30 ಪ್ರತಿಶತ ಅವಧಿ ಅಥವಾ 45 ದಿನ ಬಾಕಿ ಇರಬೇಕು ಅಂತ ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲಿ ಕಂಪನಿಗಳಿಗೆ ಹೇಳಿತು. 60 ದಿನದ ಚಟ್ನಿಗೆ 30 ಪ್ರತಿಶತ ಅಂದ್ರೆ 18 ದಿನ. ಹಂಗಾಗಿ ಕೊನೆಯ ದಿನಗಳ ಮಾಲು ಊರೊಳಗೇ, ಕೈಯಿಂದ ಕೈಗೆ ಹೋಗಬೇಕು. ಒಂಬತ್ತರಲ್ಲಿ ಐದು ರಾಣೆಬೆನ್ನೂರಿನ ಒಂದು ಖಾನಾವಳಿಗೆ ಹೋದವು, ಅಲ್ಲಿ ರೊಟ್ಟಿ ಊಟದ ಜೊತೆ ಐದು ಪ್ಯಾಕೆಟ್ ಮೂರು ದಿನವೂ ಬಾಳೋದಿಲ್ಲ. ಉಳಿದ ನಾಲ್ಕಕ್ಕೆ ಚಿಕ್ಕಮ್ಮ ವಾಟ್ಸಾಪ್ ಸ್ಟೇಟಸ್ ಹಾಕಿದಳು: "ಶೇಂಗಾ ಚಟ್ನಿಪುಡಿ ಕಾಲು ಕೆಜಿ. ಎಕ್ಸ್‌ಪೈರಿ ಏಪ್ರಿಲ್ 17, ಇನ್ನ 15 ದಿನ. 120ರದು 90ಕ್ಕ. ಎರಡ ವಾರದಾಗ ತಿಂದ ಮುಗಸೋರು ಅಷ್ಟ ತಗೋರಿ." ಕೊನೆಯ ಸಾಲು ನಾನು ಹೇಳಿಕೊಟ್ಟದ್ದಲ್ಲ, ಆಕೆಯದೇ. ಸಂಜೆಯೊಳಗೆ ನಾಲ್ಕೂ ಖಾಲಿ.

"ಒಂದಕ್ಕೆ ಎರಡು ಫ್ರೀ" ಅನ್ನೋ ಆಟ ಈ ಮಾಲಿಗೆ ನನಗೆ ಸರಿಬರೋದಿಲ್ಲ. ಎರಡು ವಾರದಲ್ಲಿ ಮುಕ್ಕಾಲು ಕೆಜಿ ಚಟ್ನಿಪುಡಿ ಯಾವ ಮನೆಯವರು ತಿಂತಾರೆ? ಅವಧಿ ನಮ್ಮ ಕಟ್ಟೆಯ ಮೇಲೆ ಮುಗಿಯೋ ಬದಲು ಗಿರಾಕಿಯ ಕಟ್ಟೆಯ ಮೇಲೆ ಮುಗಿಯುತ್ತೆ, ಅಷ್ಟೇ ವ್ಯತ್ಯಾಸ.

ತಾರೀಕು ದಾಟಿದ್ದು ಮಾತ್ರ ಪುಕ್ಕಟೆಯೂ ಕೊಡಂಗಿಲ್ಲ. ದಾಸೋಹಕ್ಕೆ, ಕೆಲಸದವರಿಗೆ, ಹಾಸ್ಟೆಲ್ ಹುಡುಗರಿಗೆ, ಯಾರಿಗೂ ಇಲ್ಲ. ಹಂಚೋದೂ ನಿಷೇಧದೊಳಗೇ ಬರುತ್ತೆ. ಚಿಕ್ಕಮ್ಮನ ಮನೆಯಲ್ಲಿ ಈಗ ಅದಕ್ಕೆ ಕೆಂಪು ಮುಚ್ಚಳದ ಒಂದು ಬಕೆಟ್ ಐತಿ. ಅದರೊಳಗೆ ಬೀಳೋ ಮೊದಲು ಕವರ್ ಕತ್ತರಿಸಬೇಕು, ನೋಟ್‌ಬುಕ್ಕಿನಲ್ಲಿ ಲಾಟ್ ನಂಬರಿನ ಮುಂದೆ ಎಷ್ಟು ಪ್ಯಾಕೆಟ್ ಅಂತ ಬರೀಬೇಕು. ಆ ಅಂಕಿಯಿಂದಲೇ ಮುಂದಿನ ಸಲ ಎಷ್ಟು ಕುಟ್ಟಬೇಕು ಅಂತ ಗೊತ್ತಾಗೋದು. ವಾರಕ್ಕೆ ಎಂಟು ಪ್ಯಾಕೆಟ್ ಹೋಗುತ್ತೆ, ಅಂದ್ರೆ ಎರಡು ಕೆಜಿ. ಹಂಗಾಗಿ 20 ಕೆಜಿ ಕುಟ್ಟೋದು ನಿಂತಿದೆ. ಮೂರು ವಾರಕ್ಕೊಮ್ಮೆ 6 ಕೆಜಿ, ಕುಟ್ಟಿದ ದಿನವೇ ಎಲ್ಲಾ ಕಟ್ಟೋದು.

ದಾವಣಗೆರೆಯವರಿಗೆ ರೊಕ್ಕ ವಾಪಸ್ ಕೊಟ್ಟಾಯ್ತು. ನೋಟ್‌ಬುಕ್ಕಿನಲ್ಲಿ ಆ 25ರಲ್ಲಿ ಯಾರಿಗೆ ಹೋಗಿದ್ದು ಅಂತ ಹೆಸರಿದ್ದಿದ್ದು 17ಕ್ಕೆ. ಆ 17 ಮನೆಗೂ ಚಿಕ್ಕಮ್ಮ ಒಂದೊಂದಾಗಿ ಫೋನ್ ಮಾಡಿ "ಉಳದಿದ್ರ ತಿನ್ನಬ್ಯಾಡ್ರಿ" ಅಂದಳು. ಉಳಿದ ಎಂಟು ಎಲ್ಲಿ ಹೋದವು ಅಂತ ಬರೆದಿರಲಿಲ್ಲ. ಈಗ ಪ್ರತಿ ಲಾಟಿನ ಎದುರಿಗೆ ಕೊಂಡವರ ಹೆಸರಿಗೆ ಅಂತ ಒಂದು ಕಾಲಂ ಎಳೆದಿದ್ದಾಳೆ.